ಎರಡನೇ ಗೇಟು ಎಲ್ಲಿದೆ?

ನಮಸ್ಕಾರ. ಬೆಂಗಳೂರು ಬಿಟ್ಟು ಬೇರೆ ಊರಲ್ಲಿ ಕೆಲಸ ಹುಡುಕುವವರು ಸಾಮಾನ್ಯವಾಗಿ ಕೇಳೋ ಪ್ರಶ್ನೆ ಒಂದೇ: ಅಲ್ಲಿ ಕೆಲಸ ಸಿಗುತ್ತಾ? ನನ್ನ ಪ್ರಕಾರ ಇದು ಅರ್ಧ ಪ್ರಶ್ನೆ. ಸಿಕ್ಕ ಕೆಲಸ ಹೋದರೆ, ಬಾಡಿಗೆ ಮನೆ ಬದಲಿಸದೆ, ಅದೇ ಬೈಕಲ್ಲಿ ಹೋಗಿ ಸೇರಿಕೊಳ್ಳೋಕೆ ಇನ್ನೊಂದು ಕಂಪನಿಯ ಗೇಟು ಇದೆಯಾ ಅನ್ನೋದು ಉಳಿದರ್ಧ. ಇವತ್ತಿನ ಮಾತೆಲ್ಲ ಈ ಎರಡನೇ ಗೇಟಿನ ಬಗ್ಗೆ. ಉದಾಹರಣೆಗೆ ಬೆಳಗಾವಿ.

ಬೆಳಗಾವಿಯ ಉದ್ಯಮಬಾಗ್, ಮಚ್ಛೆ, ಹೊನಗಾ, ಆಟೋ ನಗರ ಈ ನಾಲ್ಕು ಕಡೆ ಸುತ್ತಿ ಬಂದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತೆ. ಒಂದು ಶೆಡ್ಡಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುತ್ತಾರೆ. ಆ ಎರಕ ಟೆಂಪೋ ಹತ್ತಿ ಇನ್ನೊಂದು ಶೆಡ್ಡಿಗೆ ಹೋಗಿ ಕಂಪ್ಯೂಟರ್ ಲೆಕ್ಕದಲ್ಲಿ ಲೋಹ ಕೊರೆಯೋ ಸಿಎನ್‌ಸಿ ಮೆಷಿನ್ ಮೇಲೆ ಕೂರುತ್ತೆ. ಮೂರನೇ ಕಡೆ ಅದೇ ಹೈಡ್ರಾಲಿಕ್ ವಾಲ್ವ್‌ನ ಬಾಡಿಯಾಗುತ್ತೆ, ಇಲ್ಲವೇ ಟ್ರ್ಯಾಕ್ಟರಿನ ಬಿಡಿಭಾಗವಾಗುತ್ತೆ. ಈ ಊರಿಗೆ ಲೋಹದ ನಂಟು ಹಳೇದು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲಿನವರೆಗೆ ಹೋದದ್ದು ಇಲ್ಲೇ. 1910ರಲ್ಲಿ ಜಾಗದ ತೊಂದರೆ ಬಂದು ಕಾರ್ಖಾನೆಯನ್ನ ಇವತ್ತಿನ ಕಿರ್ಲೋಸ್ಕರವಾಡಿಗೆ ಸಾಗಿಸಿದರು. ಇರಲಿ, ನಮಗೆ ಬೇಕಾದದ್ದು ಇಷ್ಟು: ಡ್ರಾಯಿಂಗ್ ಓದಿ, ಮೆಷಿನ್ ಸೆಟ್ ಮಾಡಿ, ಅಳತೆ ಹಿಡಿಯೋಕೆ ಬರೋ ಒಬ್ಬನಿಗೆ ಈ ಸರಪಳಿಯ ಪ್ರತಿ ಕೊಂಡಿಯಲ್ಲೂ ಕೆಲಸ ಇದೆ. ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಕೊಲ್ಹಾಪುರದ ಫೌಂಡ್ರಿಗಳು, ದಕ್ಷಿಣಕ್ಕೆ ಬಂದರೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ ಮತ್ತು ಹುಬ್ಬಳ್ಳಿ. ಎಲ್ಲ ಕಡೆಯೂ ಬೇಕಾಗಿರೋದು ಅದೇ ಕೈಚಳಕ.

ಆದರೆ ಈ ಕೆಲಸಗಳಲ್ಲಿ ಬಹಳಷ್ಟು ನಿಮ್ಮ ಮೊಬೈಲಲ್ಲಿ ಕಾಣೋದೇ ಇಲ್ಲ. ಮೂವತ್ತು ಜನ ದುಡಿಯೋ ಘಟಕದಲ್ಲಿ ಎಚ್‌ಆರ್ ಅಂತ ಬೇರೆ ಯಾರೂ ಇರಲ್ಲ, ಮಾಲೀಕರೇ ಎಲ್ಲ. ಅವರಿಗೆ ಮೆಷಿನ್ ಸೆಟ್ ಮಾಡೋ ಸೆಟ್ಟರ್ ಬೇಕಾದರೆ ಗೇಟಿಗೆ ‘ಬೇಕಾಗಿದ್ದಾರೆ’ ಅಂತ ಬೋರ್ಡು ನೇತುಹಾಕ್ತಾರೆ, ಇರೋ ಕೆಲಸಗಾರರ ಕಿವಿಗೆ ಹಾಕ್ತಾರೆ, ಟೂಲ್ ಮತ್ತು ಇನ್ಸರ್ಟ್ ಮಾರೋ ಅಂಗಡಿಯವರಿಗೆ ಒಂದು ಮಾತು ಹೇಳಿರ್ತಾರೆ. ಆ ಅಂಗಡಿಯವರಿಗೆ ಯಾರ ಹತ್ರ ಹೊಸ ಮೆಷಿನ್ ಬಂತು, ಯಾರ ಹತ್ರ ಆಳಿಲ್ಲದೆ ಮೆಷಿನ್ ನಿಂತಿದೆ ಅನ್ನೋದು ಮೊದಲೇ ಗೊತ್ತಾಗಿರುತ್ತೆ. ಹಾಗಾಗಿ ಮನೇಲಿ ಕೂತು ನೂರು ಕಡೆ ರೆಸ್ಯೂಮೆ ಕಳಿಸೋದಕ್ಕಿಂತ ವಾರದ ಮಧ್ಯೆ ಎರಡು ಮೂರು ದಿನ ಅಲ್ಲೇ ಇದ್ದು ಸುತ್ತೋದು ವಾಸಿ. ಹೋಗೋ ಮುಂಚೆ ಆ ಪ್ರದೇಶಕ್ಕೆ ವಾರದ ರಜೆ ಯಾವತ್ತು ಅಂತ ವಿಚಾರಿಸಿ, ಎಲ್ಲ ಕಡೆಯೂ ಭಾನುವಾರವೇ ಇರಲ್ಲ. ಮೆಷಿನ್ ಮೇಲೆ ಕೈ ಪಳಗಿಲ್ಲ ಅಂದರೆ ಮೆಷಿನ್, ಟೂಲ್ ಕೆಲಸ ಕಲಿಸೋ ಸರ್ಕಾರದ ಜಿಟಿಟಿಸಿ ಕೇಂದ್ರ ಬೆಳಗಾವಿಯಲ್ಲೇ ಇದೆ. ಅಲ್ಲಿ ಕಲಿತವರನ್ನ ಈ ಗೇಟುಗಳಲ್ಲಿ ಪರಿಚಯ ಹೇಳದೆಯೇ ಗುರುತಿಸ್ತಾರೆ.

ಸಂದರ್ಶನ ಹೇಗಿರುತ್ತೆ? ‘ನಿಮ್ಮ ಬಗ್ಗೆ ಹೇಳಿ’ ಅಂತ ಶುರುವಾಗಲ್ಲ. ಕೈಗೆ ಒಂದು ಡ್ರಾಯಿಂಗ್, ಒಂದು ಜಾಬ್ ಕೊಡ್ತಾರೆ. ಇಲ್ಲಿ ಜಾಬ್ ಅಂದರೆ ನೌಕರಿ ಅಲ್ಲ, ಮೆಷಿನ್ ಮೇಲೆ ಮಾಡೋ ಬಿಡಿಭಾಗ. ಡ್ರಾಯಿಂಗಲ್ಲಿ ಶಾಫ್ಟಿನ ವ್ಯಾಸ 25 h7 ಅಂತ ಇದೆ ಅನ್ಕೊಳ್ಳಿ. ಅಂದರೆ 25.000 ಮಿಲಿಮೀಟರಿಂದ 24.979ರ ಒಳಗೆ ಬರಬೇಕು. ಒಟ್ಟು 21 ಮೈಕ್ರಾನ್ ಜಾಗ. ಟೇಬಲ್ ಮೇಲೆ ವರ್ನಿಯರ್ರೂ ಇರುತ್ತೆ, ಮೈಕ್ರೋಮೀಟರ್ರೂ ಇರುತ್ತೆ. ನೀವು ವರ್ನಿಯರಿಗೆ ಕೈ ಹಾಕಿದರೆ ಎದುರಿಗೆ ಕೂತವರು ಅಲ್ಲಿಗೇ ತೀರ್ಮಾನ ಮಾಡಿಬಿಡ್ತಾರೆ. ಯಾಕೆಂದರೆ ಸಾಮಾನ್ಯ ವರ್ನಿಯರ್ ತೋರಿಸೋ ಅತಿ ಚಿಕ್ಕ ಅಳತೆಯೇ 0.02, ಅಂದರೆ 20 ಮೈಕ್ರಾನ್. ಇರೋ ಜಾಗದಷ್ಟೇ ದೊಡ್ಡ ಅಳತೆಗೋಲಲ್ಲಿ ಏನನ್ನ ಅಳೆಯೋದು?

ಮುಂದಿನ ಪ್ರಶ್ನೆ: ಜಾಬ್ 25.04 ಬಂದಿದೆ, ಏನ್ಮಾಡ್ತೀರಿ? ಟಾಲರೆನ್ಸಿನ, ಅಂದರೆ ಆ 21 ಮೈಕ್ರಾನ್ ಜಾಗದ, ನಡುವಿನ 24.99ಕ್ಕೆ ಗುರಿಯಿಟ್ಟು, ಟೂಲಿನ ಸವೆತ ಸರಿದೂಗಿಸೋ ವೇರ್ ಆಫ್‌ಸೆಟ್ಟಲ್ಲಿ ಎಕ್ಸ್‌ಗೆ ಮೈನಸ್ 0.05 ಕೊಟ್ಟು ಫಿನಿಶ್ ಕಟ್ ಮತ್ತೆ ಓಡಿಸ್ತೀನಿ ಅನ್ನೋದು ಸರಿ ಉತ್ತರ. ಜಾಮೆಟ್ರಿ ಆಫ್‌ಸೆಟ್ ಮುಟ್ಟೋದು ತಪ್ಪು, ಅದು ಟೂಲಿನ ಮೂಲ ಲೆಕ್ಕ. ಇಷ್ಟನ್ನ ತುಂಬ ಜನ ಹೇಳ್ತಾರೆ. ‘ಮೊದಲು ಜಾಬ್ ತಣ್ಣಗಾಗಲಿ, ಆಮೇಲೆ ಅಳೀತೀನಿ’ ಅಂತ ಸೇರಿಸೋರು ಕಡಿಮೆ. ಮೆಷಿನ್ನಿಂದ ಆಗಷ್ಟೇ ಇಳಿದ 25 ಮಿಲಿಮೀಟರಿನ ಉಕ್ಕಿನ ಜಾಬ್ ಕೋಣೆಯ ಬಿಸಿಗಿಂತ 20 ಡಿಗ್ರಿ ಹೆಚ್ಚು ಕಾದಿದ್ದರೆ ಸುಮಾರು 6 ಮೈಕ್ರಾನ್ ಉಬ್ಬಿರುತ್ತೆ. 21ರಲ್ಲಿ 6 ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ. ಬಿಸಿಯಲ್ಲಿ ಓಕೆ ಆದದ್ದು ತಣ್ಣಗಾದ ಮೇಲೆ ಅಂಡರ್‌ಸೈಜ್ ಆಗಿ ಸ್ಕ್ರಾಪಿಗೆ ಹೋಗೋದು ಹೀಗೇ. ತಣ್ಣಗಾಗಲಿ ಅನ್ನೋ ಆ ಒಂದು ವಾಕ್ಯ ಆಪರೇಟರನ್ನ ಸೆಟ್ಟರಿಂದ ಬೇರೆ ಮಾಡುತ್ತೆ, ಸಂಬಳವನ್ನೂ ಬೇರೆ ಮಾಡುತ್ತೆ.

ಇದೇ ಕೈಚಳಕ ಹಿಡಿದುಕೊಂಡು ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಕಡೆ ಹೋದರೆ ಏಕಸ್ ಕಂಪನಿಯ ಏರೋಸ್ಪೇಸ್ ವಿಶೇಷ ಆರ್ಥಿಕ ವಲಯ ಇದೆ. ಫೋರ್ಜಿಂಗ್, ಮೆಷಿನಿಂಗ್, ಮೇಲ್ಮೈ ಸಂಸ್ಕರಣೆ ಎಲ್ಲ ಒಂದೇ ಆವರಣದಲ್ಲಿ. ವಿಮಾನದ ಭಾಗಗಳು ಹೊರದೇಶಕ್ಕೆ ಹೋಗ್ತವೆ. ಫೌಂಡ್ರಿ, ಆಟೋ ಲೈನಿಂದ ಬಂದ ಅನುಭವಸ್ಥರು ಇಂಥ ಕಡೆ ಎಡವೋದು ಒಂದೇ ಪ್ರಶ್ನೆಗೆ: ಜಾಬ್ ಅಳತೆ ತಪ್ಪಿದರೆ? ಜಾಬ್ ವರ್ಕ್ ಶೆಡ್ಡಲ್ಲಿ ‘ಹೇಗಾದರೂ ಮಾಡಿ ಸರಿಮಾಡಿ ಕಳಿಸ್ತೀನಿ’ ಅಂದವನೇ ಜಾಣ. ವಿಮಾನದ ಭಾಗದಲ್ಲಿ ಅದೇ ಅಪರಾಧ. ನಿಲ್ಲಿಸಬೇಕು, ಟ್ಯಾಗ್ ಹಾಕಬೇಕು, ಬೇರೆ ಇಡಬೇಕು, ಕ್ವಾಲಿಟಿಯವರಿಗೆ ಬರೆದು ಕೊಡಬೇಕು. ಅನುಮತಿ ಇಲ್ಲದೆ ಎಮರಿ ಪೇಪರನ್ನೂ ಮುಟ್ಟಿಸೋ ಹಾಗಿಲ್ಲ. ಕೈ ಒಂದೇ, ಅಭ್ಯಾಸ ಬೇರೆ.

ಮೊದಲ ಕೆಲಸಕ್ಕೆ ದೊಡ್ಡ ಕಾರ್ಖಾನೆಯೋ ಚಿಕ್ಕ ಶೆಡ್ಡೋ? ಕಲಿಕೆಯ ವಿಷಯದಲ್ಲಿ ನನ್ನ ಓಟು ಚಿಕ್ಕದಕ್ಕೆ. ದೊಡ್ಡ ಕಡೆ ಒಂದೇ ಮೆಷಿನ್, ಒಂದೇ ಜಾಬ್. ಹಾಕು, ಬಟನ್ ಒತ್ತು, ತೆಗಿ. ಚಿಕ್ಕ ಕಡೆ ವಾರಕ್ಕೊಂದು ಹೊಸ ಜಾಬ್ ಬರುತ್ತೆ, ಸೆಟ್ಟಿಂಗ್ ಮಾಡೋಕೆ ಜನ ಸಾಲಲ್ಲ, ಕೈ ತಾನಾಗೇ ತಿರುಗುತ್ತೆ. ಆದರೆ ಚಿಕ್ಕ ಕಡೆ ಕಾಗದಪತ್ರ ಸಡಿಲ. ಪಿಎಫ್ ಕಡ್ಡಾಯವಾಗೋದು 20 ಜನ ಇದ್ದರೆ, ಇಎಸ್‌ಐ 10 ಜನ ಇದ್ದರೆ. ಕಂಪನಿ ಪಿಎಫ್ ನಿಜವಾಗಿ ಕಟ್ಟುತ್ತಾ ಅನ್ನೋದನ್ನ ಸೇರೋ ಮುಂಚೆ ನೀವೇ ನೋಡಬಹುದು. epfindia.gov.in ಜಾಲತಾಣದಲ್ಲಿ Establishment Search ತೆರೆದು ಕಂಪನಿ ಹೆಸರು ಹಾಕಿ, ಪಾವತಿ ವಿವರ ನೋಡಿ. ಯಾವ ತಿಂಗಳಿಗೆ ಎಷ್ಟು ಹಣ, ಎಷ್ಟು ಜನರ ಲೆಕ್ಕದಲ್ಲಿ ಕಟ್ಟಿದ್ದಾರೆ ಅಂತ ಬರುತ್ತೆ. ಗೇಟಲ್ಲಿ ಇನ್ನೂರು ಬೈಕು ನಿಂತಿವೆ, ಪಿಎಫ್ ಲೆಕ್ಕದಲ್ಲಿ 40 ಜನ ಇದ್ದಾರೆ ಅಂದರೆ ಉಳಿದವರು ಗುತ್ತಿಗೆದಾರರ ಕಡೆಯವರಿರಬೇಕು. ನಿಮ್ಮ ಸಂಬಳದ ಚೀಟಿ ಯಾರ ಹೆಸರಲ್ಲಿ ಬರುತ್ತೆ ಅಂತ ಆಗಲೇ ಕೇಳಿ. ಹಾಗೇ ಅಪ್ರೆಂಟಿಸ್ ಅಂತ ಸೇರಿಸಿಕೊಂಡರೆ ಅದು ನೌಕರಿ ಅಲ್ಲ, ತರಬೇತಿ. ಕೊಡೋದು ಸ್ಟೈಪೆಂಡ್, ಪಿಎಫ್ ಇರಲ್ಲ, ಒಪ್ಪಂದದಲ್ಲೇ ಬರೆದಿಲ್ಲದಿದ್ದರೆ ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ.

ಈಗ ಒಂದು ಲೆಕ್ಕ. ಅಂಕಿ ಉದಾಹರಣೆಗೆ ಮಾತ್ರ. ಗ್ರಾಸ್ 17,000, ಅದರಲ್ಲಿ ಬೇಸಿಕ್ ಮತ್ತು ಡಿಎ ಸೇರಿ 13,000 ಅನ್ನಿ. ನಿಮ್ಮ ಪಾಲಿನ ಪಿಎಫ್ ಶೇ 12, ಅಂದರೆ 1,560. ಇಎಸ್‌ಐ ಶೇ 0.75, ಸುಮಾರು 128. ಕೈಗೆ ಬರೋದು 15,312. ಕಂಪನಿ ತನ್ನ ಪಾಲು ಪಿಎಫ್ 1,560, ಇಎಸ್‌ಐ ಸುಮಾರು 553 ಸೇರಿಸಿ 19,113 ಅನ್ನೋ ಅಂಕಿ ಹೇಳುತ್ತೆ, ನೀವು ಊರಿಗೆ ಫೋನ್ ಮಾಡಿ ಹತ್ತೊಂಬತ್ತು ಸಾವಿರ ಅಂತೀರಿ! ಬೆಂಗಳೂರಿನ 22,000ದ ಜೊತೆ ಹೋಲಿಸೋವಾಗ ಎರಡೂ ಕಡೆ ಗ್ರಾಸ್ ಹಿಡಿದೇ ಹೋಲಿಸಿ. ಇನ್ನೊಂದು ಗಮನಿಸಿ: ಇಎಸ್‌ಐಗೆ ಸಂಬಳದ ಮಿತಿ 21,000. 17,000ದಲ್ಲಿ ನಿಮಗೂ ಮನೆಯವರಿಗೂ ಇಎಸ್‌ಐ ಚಿಕಿತ್ಸೆ ಸಿಗುತ್ತೆ, 22,000ಕ್ಕೆ ಹೊಸದಾಗಿ ಸೇರಿದರೆ ಸಿಗಲ್ಲ. ಮೇಲಿನ 5,000ದಲ್ಲಿ ಬೆಂಗಳೂರಿನ ಬಾಡಿಗೆಯ ವ್ಯತ್ಯಾಸವನ್ನೂ ಕಳೆದು ನೋಡಿ. ಹನ್ನೆರಡು ಗಂಟೆಯ ಶಿಫ್ಟ್ ಅಂದರೆ ಓಟಿ ಎಷ್ಟರಂತೆ ಅಂತಲೂ ಕೇಳಿ. ಕಾನೂನು ಹೇಳೋದು ದುಪ್ಪಟ್ಟು. ಸಿಂಗಲ್ ದರದಲ್ಲಿ ಕೊಟ್ಟು ‘ನಮ್ಮಲ್ಲಿ ಓಟಿ ಚೆನ್ನಾಗಿದೆ’ ಅನ್ನೋರು ಇದ್ದಾರೆ.

ಎರಡನೇ ಗೇಟಿನ ಲೆಕ್ಕಕ್ಕೂ ಒಂದು ಮಿತಿ ಇದೆ. ಐವತ್ತು ಗೇಟಿದ್ದರೂ ಐವತ್ತೂ ಟ್ರಕ್, ಟ್ರ್ಯಾಕ್ಟರಿಗೇ ಮಾಲು ಕೊಡ್ತಿದ್ದರೆ, ಗಾಡಿ ಮಾರಾಟ ಬಿದ್ದಾಗ ಎಲ್ಲ ಒಟ್ಟಿಗೇ ಮಲಗ್ತವೆ. 2019ರಲ್ಲಿ ವಾಹನ ಮಾರಾಟ ಕುಸಿದಾಗ ದೇಶದಾದ್ಯಂತ ಬಿಡಿಭಾಗ ತಯಾರಕರು ಶಿಫ್ಟ್ ಕಡಿತ ಮಾಡಿದ್ದು ನೆನಪಿರಬಹುದು. ಆದ್ದರಿಂದ ಸಂದರ್ಶನದ ಕೊನೆಗೆ ‘ಏನಾದರೂ ಕೇಳೋದಿದೆಯಾ’ ಅಂದಾಗ ‘ಮಾಲು ಯಾವ ಯಾವ ಪಾರ್ಟಿಗೆ ಹೋಗುತ್ತೆ ಸರ್?’ ಅಂತ ಕೇಳಿ. ಹೈಡ್ರಾಲಿಕ್ಸ್, ಪಂಪು, ಏರೋಸ್ಪೇಸ್, ರಫ್ತು ಅಂತ ಹಂಚಿಹೋಗಿದ್ದರೆ ಒಳ್ಳೇದು. ಎಲ್ಲವೂ ಒಬ್ಬನೇ ದೊಡ್ಡ ಗಿರಾಕಿಗೆ ಅಂದರೆ ಆ ಗಿರಾಕಿಯ ನೆಗಡಿಗೆ ನೀವು ಸೀನಬೇಕಾಗುತ್ತೆ.

ಐಟಿಯವರು ಇಷ್ಟೊತ್ತು ನಮಗೇನು ಅಂತ ಕಾಯ್ತಿರಬಹುದು. ಅಳತೆಗೋಲು ಅದೇ. ಮೈಸೂರಿನ ಇನ್ಫೋಸಿಸ್ ಆವರಣ ನೋಡಿ ಅಲ್ಲಿ ಕೆಲಸ ರಾಶಿ ಬಿದ್ದಿದೆ ಅನ್ಕೋಬೇಡಿ. ಅದರ ದೊಡ್ಡ ಭಾಗ ತರಬೇತಿ ಕೇಂದ್ರ. ಅಲ್ಲಿ ಕಲಿತವರನ್ನ ಎಲ್ಲಿಗೆ ಕಳಿಸೋದು ಅನ್ನೋದು ಕಂಪನಿಯ ಕೈಲಿದೆ. ಯಾವುದೇ ಟೆಕ್ ಪಾರ್ಕಿನ ಬಗ್ಗೆ ಕೇಳಬೇಕಾದ್ದು ಎಷ್ಟು ಎಕರೆ ಅಂತಲ್ಲ. ನಿಮ್ಮ ಕಸುಬಿನ ಕೆಲಸ ಮಾಡೋ ಕಂಪನಿಗಳು ಅಲ್ಲಿ ಎಷ್ಟಿವೆ, ನಾಲ್ಕೈದು ವರ್ಷದ ಅನುಭವದವರನ್ನ ಅಲ್ಲೇ ತಗೋತಾರಾ, ಇಲ್ಲ ಫ್ರೆಶರನ್ನ ಮಾತ್ರ ತಗೊಂಡು ಹಿರಿಯರನ್ನೆಲ್ಲ ಬೆಂಗಳೂರಲ್ಲಿ ಇಟ್ಟಿದ್ದಾರಾ ಅಂತ. ಲಿಂಕ್ಡ್‌ಇನ್‌ನಲ್ಲಿ ಊರಿನ ಹೆಸರು, ನಿಮ್ಮ ಕಸುಬು ಹಾಕಿ, ಕಂಪನಿ ಬದಲಿಸಿಯೂ ಅದೇ ಊರಲ್ಲಿ ಉಳಿದವರು ಎಷ್ಟಿದ್ದಾರೆ ಅಂತ ಎಣಿಸಿ. ಮಂಗಳೂರು–ಉಡುಪಿ ಕಡೆ ಅಂಥವರು ಸಿಗ್ತಾರೆ. 1996ರಿಂದ ಉಡುಪಿಯಲ್ಲಿರೋ ರೋಬೋಸಾಫ್ಟ್, ಮಂಗಳೂರಿನ ಇನ್ಫೋಸಿಸ್, ಕಾಗ್ನಿಜೆಂಟ್, ಇಜಿ ಅಂತ ಒಂದಾದ ಮೇಲೊಂದು ಗೇಟು ಇವೆ. ನಿಮ್ಮ ಕಸುಬಿಗೆ ಇಡೀ ಊರಲ್ಲಿ ಒಂದೇ ಕಂಪನಿ ಇದೆ ಅಂತ ಗೊತ್ತಾದರೂ ಆಫರ್ ಬಂದರೆ ಹೋಗಿ, ಬೇಡ ಅನ್ನಲ್ಲ. ಆದರೆ ರಿಮೋಟ್ ಕೆಲಸ ಮಾಡೋಕೆ ಬೇಕಾದ ಹೆಸರನ್ನ ಆ ಎರಡು ಮೂರು ವರ್ಷದಲ್ಲೇ ಸಂಪಾದಿಸಿಕೊಳ್ಳಿ, ಅಲ್ಲೀವರೆಗೆ ಸೈಟು, ಲೋನು ಅಂತ ಕೈ ಹಾಕಬೇಡಿ.