ಮೋಟರ್ ಬಿಚ್ಚಿದ ಮೇಲೂ ಬಿಸಿಯಾಗುವ ಎಚ್-ಬ್ರಿಜ್

ಎಲ್ಲರಿಗೂ ನಮಸ್ಕಾರ.

ಎಚ್-ಬ್ರಿಜ್ ನಿಮಗೆಲ್ಲ ಗೊತ್ತಿರುವ ಸರ್ಕ್ಯೂಟ್. ನಾಲ್ಕು ಸ್ವಿಚ್, ನಡುವೆ ಮೋಟರ್. ಎಡಗಡೆಯ ಮೇಲಿನದು ಮತ್ತು ಬಲಗಡೆಯ ಕೆಳಗಿನದು ಆನ್ ಆದರೆ ಮೋಟರ್ ಒಂದು ದಿಕ್ಕಿಗೆ ತಿರುಗುತ್ತದೆ. ಇನ್ನೊಂದು ಜೋಡಿ ಆನ್ ಆದರೆ ಉಲ್ಟಾ ತಿರುಗುತ್ತದೆ. ಇವತ್ತು ನಾನು ಮಾತಾಡುವುದು ಒಂದೇ ಬದಿಯ ಮೇಲಿನ ಮತ್ತು ಕೆಳಗಿನ ಟ್ರಾನ್ಸಿಸ್ಟರ್ ಒಂದೇ ಕ್ಷಣ ಆನ್ ಆಗುವುದರ ಬಗ್ಗೆ. ಆಗ ಕರೆಂಟ್ ಮೋಟರ್ ಕಡೆಗೆ ಹೋಗುವುದೇ ಇಲ್ಲ. ಬ್ಯಾಟರಿಯ ಪ್ಲಸ್‌ನಿಂದ ಎರಡೂ ಟ್ರಾನ್ಸಿಸ್ಟರ್ ದಾಟಿ ನೇರ ಮೈನಸ್‌ಗೆ ಇಳಿಯುತ್ತದೆ. ಇದೇ ಶೂಟ್-ಥ್ರೂ.

ಪ್ರೋಗ್ರಾಂನಲ್ಲಿ ತಪ್ಪಿ ಎರಡನ್ನೂ ಆನ್ ಮಾಡಿದರೆ ಟ್ರಾನ್ಸಿಸ್ಟರ್ ಅಲ್ಲೇ ಸುಟ್ಟುಹೋಗುತ್ತದೆ. ಏನಾಯಿತು ಅಂತ ತಕ್ಷಣ ತಿಳಿಯುತ್ತದೆ. ನನಗೆ ಜಾಸ್ತಿ ಚಿಂತೆ ಇರುವುದು ಕಣ್ಣಿಗೆ ಕಾಣದ ಶೂಟ್-ಥ್ರೂ ಬಗ್ಗೆ. ಪ್ರತಿ ಸಲ ಸ್ವಿಚ್ ಆಗುವಾಗ ಕೆಲವು ಮೈಕ್ರೋಸೆಕೆಂಡ್ ಮಾತ್ರ ಅದು ನಡೆಯುತ್ತದೆ. ಮೋಟರ್ ಚೆನ್ನಾಗಿಯೇ ತಿರುಗುತ್ತಿರುತ್ತದೆ, ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ, ಹೀಟ್‌ಸಿಂಕ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಲೋಡ್ ಜಾಸ್ತಿ ಆಯಿತು ಅಂದುಕೊಂಡು ಎಲ್ಲರೂ ದೊಡ್ಡ ಹೀಟ್‌ಸಿಂಕ್ ಹಾಕುತ್ತಾರೆ.

ಪ್ರಾಜೆಕ್ಟ್‌ಗಳಲ್ಲಿ ತುಂಬಾ ಕಾಣುವ ಒಂದು ಸರ್ಕ್ಯೂಟ್ ತೆಗೆದುಕೊಳ್ಳೋಣ. 12 ವೋಲ್ಟ್ ಬ್ಯಾಟರಿ. ಮೇಲೆ ಪಿ-ಚಾನೆಲ್ ಮಾಸ್‌ಫೆಟ್ ಐಆರ್‌ಎಫ್ 9540ಎನ್, ಕೆಳಗೆ ಎನ್-ಚಾನೆಲ್ ಐಆರ್‌ಎಫ್ 540ಎನ್. ಎರಡರ ಗೇಟ್‌ಗಳನ್ನೂ ಒಂದೇ ತಂತಿಗೆ ಸೇರಿಸಿರುತ್ತಾರೆ. ಆ ತಂತಿಯನ್ನು 10 ಕಿಲೋಓಮ್ ರೆಸಿಸ್ಟರ್ 12 ವೋಲ್ಟ್‌ಗೆ ಎಳೆಯುತ್ತದೆ, ಒಂದು ಬಿ.ಸಿ. 547 ಟ್ರಾನ್ಸಿಸ್ಟರ್ ಕೆಳಗೆ ಎಳೆಯುತ್ತದೆ. ಗೇಟ್ 12 ವೋಲ್ಟ್‌ನಲ್ಲಿದ್ದರೆ ಕೆಳಗಿನದು ಆನ್, ಸೊನ್ನೆಯಲ್ಲಿದ್ದರೆ ಮೇಲಿನದು ಆನ್. ಒಂದೇ ಸಿಗ್ನಲ್, ಎರಡೂ ಒಟ್ಟಿಗೆ ಆನ್ ಆಗಲು ಸಾಧ್ಯವೇ ಇಲ್ಲ ಅನ್ನಿಸುತ್ತದೆ, ಅಲ್ವಾ?

ಗೇಟ್ ಸೊನ್ನೆಯಿಂದ 12ಕ್ಕೆ ಏರುವ ದಾರಿ ನೋಡಿ. ಈ ಎರಡೂ ಮಾಸ್‌ಫೆಟ್‌ಗಳ ಥ್ರೆಶೋಲ್ಡ್ 2ರಿಂದ 4 ವೋಲ್ಟ್. ನಮಗೆ ಅನುಕೂಲವಾಗುವಂತೆ 4 ಅಂತಲೇ ಹಿಡಿಯೋಣ. ಗೇಟ್ 4 ವೋಲ್ಟ್ ದಾಟಿದ ಕೂಡಲೇ ಕೆಳಗಿನದು ಕರೆಂಟ್ ಬಿಡಲು ಶುರು ಮಾಡುತ್ತದೆ. ಮೇಲಿನದು ಪೂರ್ತಿ ನಿಲ್ಲುವುದು ಗೇಟ್ 8 ವೋಲ್ಟ್ ಮುಟ್ಟಿದಾಗ. ಅಂದರೆ 4ರಿಂದ 8ರವರೆಗೆ ಎರಡೂ ಆನ್.

ಈ ದಾರಿ ದಾಟಲು ಎಷ್ಟು ಹೊತ್ತು ಬೇಕು? ಎರಡು ಗೇಟ್‌ಗಳ ಕೆಪ್ಯಾಸಿಟೆನ್ಸ್ ಸೇರಿ ಸುಮಾರು 3.3 ನ್ಯಾನೋಫ್ಯಾರಡ್. 10 ಕಿಲೋಓಮ್ ಮೂಲಕ ಅದು ತುಂಬಬೇಕು. ಟೈಮ್ ಕಾನ್ಸ್ಟಂಟ್ 33 ಮೈಕ್ರೋಸೆಕೆಂಡ್. 4ರಿಂದ 8ಕ್ಕೆ ಏರಲು ಅದರ 0.69 ಪಾಲು, ಅಂದರೆ ಸುಮಾರು 23 ಮೈಕ್ರೋಸೆಕೆಂಡ್. ಡ್ರೈನ್ ವೋಲ್ಟೇಜ್ ಬದಲಾಗುವಾಗ ಗೇಟ್ ಇನ್ನಷ್ಟು ತಡೆಯುತ್ತದೆ, ಹಾಗಾಗಿ ನಿಜದಲ್ಲಿ ಇದಕ್ಕಿಂತ ಜಾಸ್ತಿಯೇ ಆಗುತ್ತದೆ. ಇಳಿಯುವಾಗ ಬಿ.ಸಿ. 547 ಜೋರಾಗಿ ಎಳೆಯುವುದರಿಂದ ಅಷ್ಟು ತೊಂದರೆ ಇಲ್ಲ.

ಈ ಹೊತ್ತಿನಲ್ಲಿ ಸರಾಸರಿ 20 ಆಂಪಿಯರ್ ಹರಿಯಿತು ಅಂತ ಇಟ್ಟುಕೊಳ್ಳಿ. ಒಂದು ಸಲಕ್ಕೆ ಸುಮಾರು 5.5 ಮಿಲಿಜೂಲ್. ಪಿಡಬ್ಲ್ಯುಎಂ 1 ಕಿಲೋಹರ್ಟ್ಸ್ ಇದ್ದರೆ 5.5 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. 10 ಕಿಲೋಹರ್ಟ್ಸ್ ಮಾಡಿದರೆ 55 ವ್ಯಾಟ್. ಮೋಟರ್ ಕಿರುಗುಟ್ಟುತ್ತದೆ ಅಂತ ಫ್ರೀಕ್ವೆನ್ಸಿ ಏರಿಸಿದವರ ಬೋರ್ಡ್ ಹೊಗೆ ಬಿಡುವುದು ಇದಕ್ಕೇ.

ಇದನ್ನು ಪತ್ತೆ ಮಾಡುವುದು ಸುಲಭ. ಮೋಟರ್ ಬಿಚ್ಚಿಬಿಡಿ. ಕರೆಂಟ್ ಲಿಮಿಟ್ ಇರುವ ಪವರ್ ಸಪ್ಲೈ ಕೊಟ್ಟು ಪಿಡಬ್ಲ್ಯುಎಂ ಓಡಿಸಿ. ಮೋಟರ್ ಇಲ್ಲದ ಬ್ರಿಜ್ ಕೆಲವು ಮಿಲಿಆಂಪಿಯರ್ ಮಾತ್ರ ಎಳೆಯಬೇಕು. ನಮ್ಮ ಲೆಕ್ಕದ ಸರ್ಕ್ಯೂಟ್ 1 ಕಿಲೋಹರ್ಟ್ಸ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಆಂಪಿಯರ್ ಎಳೆಯುತ್ತದೆ. ಈಗ ಫ್ರೀಕ್ವೆನ್ಸಿ ಅರ್ಧ ಮಾಡಿ. ಆ ಕರೆಂಟೂ ಅರ್ಧಕ್ಕೆ ಇಳಿದರೆ, ಸ್ವಿಚ್ ಆಗುವ ಹೊತ್ತಿನಲ್ಲೇ ನಷ್ಟ ಆಗುತ್ತಿದೆ ಅಂತ ಅರ್ಥ. ಕೆಟ್ಟುಹೋದ ಮಾಸ್‌ಫೆಟ್ ಲೀಕ್ ಆಗುತ್ತಿದ್ದರೆ ಅದು ಫ್ರೀಕ್ವೆನ್ಸಿಯ ಜೊತೆ ಹೀಗೆ ಇಳಿಯುವುದಿಲ್ಲ.

ಪರಿಹಾರಕ್ಕೆ ಬರೋಣ. ಗೇಟ್‌ಗಳು ಒಂದೇ ತಂತಿಯಲ್ಲಿ ಇರುವವರೆಗೆ ಎಷ್ಟು ಜೋರಾಗಿ ಎಳೆದರೂ ಆ 4ರಿಂದ 8ರ ದಾರಿ ತಪ್ಪುವುದಿಲ್ಲ. ಆದ್ದರಿಂದ ಗೇಟ್‌ಗಳನ್ನು ಬೇರೆ ಮಾಡಬೇಕು. ಟಿಸಿ 4427 ಅನ್ನುವ ಪುಟ್ಟ ಡ್ರೈವರ್ ಐಸಿಯಲ್ಲಿ ಎರಡು ಚಾನೆಲ್ ಇದೆ, ಗರಿಷ್ಠ 1.5 ಆಂಪಿಯರ್ ಕೊಡುತ್ತದೆ. ಒಂದು ಚಾನೆಲ್ ಮೇಲಿನ ಗೇಟ್‌ಗೆ, ಇನ್ನೊಂದು ಕೆಳಗಿನದಕ್ಕೆ. ಒಂದು ಪೂರ್ತಿ ಆಫ್ ಆದ ಮೇಲೆ ಸ್ವಲ್ಪ ಕಾದು ಇನ್ನೊಂದನ್ನು ಆನ್ ಮಾಡಬೇಕು. ಈ ಕಾಯುವ ಹೊತ್ತಿಗೆ ಡೆಡ್ ಟೈಮ್ ಅನ್ನುತ್ತಾರೆ. ಆ ಹೊತ್ತಿನಲ್ಲಿ ಮೋಟರ್ ಕರೆಂಟ್ ನಿಲ್ಲುವುದಿಲ್ಲ, ಮಾಸ್‌ಫೆಟ್ ಒಳಗಿನ ಡಯೋಡ್ ಮೂಲಕ ಹರಿಯುತ್ತದೆ. ಡಯೋಡ್‌ನಲ್ಲಿ ನಷ್ಟ ಜಾಸ್ತಿ, ಹಾಗಾಗಿ ಡೆಡ್ ಟೈಮ್ ಸಿಕ್ಕಾಪಟ್ಟೆ ಉದ್ದ ಇಡಬಾರದು. ಈ ಸರ್ಕ್ಯೂಟಿಗೆ 1 ಮೈಕ್ರೋಸೆಕೆಂಡ್ ಧಾರಾಳ.

ಡೆಡ್ ಟೈಮ್ ಸರಿ ಇಟ್ಟ ಮೇಲೂ ಶೂಟ್-ಥ್ರೂ ಆಗಬಹುದು. ಕೆಳಗಿನದು ಆಫ್ ಇದೆ, ಮೇಲಿನದು ಆನ್ ಆಯಿತು. ನಡುವಿನ ಬಿಂದು 20 ನ್ಯಾನೋಸೆಕೆಂಡ್‌ನಲ್ಲಿ 12 ವೋಲ್ಟ್ ಜಿಗಿಯಿತು ಅಂದುಕೊಳ್ಳಿ. ಐಆರ್‌ಎಫ್ 540ಎನ್‌ನ ಡ್ರೈನ್ ಮತ್ತು ಗೇಟ್ ನಡುವೆ ಸುಮಾರು 40 ಪಿಕೋಫ್ಯಾರಡ್ ಇದೆ. ಈ ಜಿಗಿತ ಅದರ ಮೂಲಕ ಗೇಟ್‌ಗೆ 24 ಮಿಲಿಆಂಪಿಯರ್ ನೂಕುತ್ತದೆ. ಗೇಟ್ ರೆಸಿಸ್ಟರ್ 100 ಓಮ್ ಇದ್ದರೆ, ಗೇಟ್‌ನ ಸ್ವಂತ ಕೆಪ್ಯಾಸಿಟೆನ್ಸ್ ಬಿಟ್ಟು ಲೆಕ್ಕ ಹಾಕಿದರೆ, ಗೇಟ್ ಹೆಚ್ಚೆಂದರೆ 2.4 ವೋಲ್ಟ್‌ವರೆಗೆ ಏಳಬಹುದು. ಅಷ್ಟು ಎದ್ದರೆ ಥ್ರೆಶೋಲ್ಡ್ 2 ವೋಲ್ಟ್ ಇರುವ ಮಾಸ್‌ಫೆಟ್ ತಾನಾಗಿಯೇ ಆನ್ ಆಗಿಬಿಡುತ್ತದೆ. ಡೆಡ್ ಟೈಮ್ ಎಷ್ಟು ಹೆಚ್ಚಿಸಿದರೂ ಮೋಟರ್ ಇಲ್ಲದ ಕರೆಂಟ್ ಇಳಿಯದಿದ್ದರೆ ಇದನ್ನು ಅನುಮಾನಿಸಿ. ಗೇಟ್ ರೆಸಿಸ್ಟರ್‌ಗೆ ಅಡ್ಡಲಾಗಿ ಒಂದು 1ಎನ್ 4148 ಡಯೋಡ್ ಹಾಕಿ. ಕೆಳಗಿನ ಮಾಸ್‌ಫೆಟ್‌ಗೆ ಅದರ ಪಟ್ಟೆ ಇರುವ ತುದಿ ಡ್ರೈವರ್ ಕಡೆಗೆ ಇರಬೇಕು, ಮೇಲಿನದಕ್ಕೆ ಗೇಟ್ ಕಡೆಗೆ. ಆಗ ಆನ್ ಆಗುವುದು ನಿಧಾನ, ಆಫ್ ಆಗುವುದು ಮತ್ತು ಆಫ್ ಆಗಿ ಉಳಿಯುವುದು ಬಿಗಿ.

ಡೆಡ್ ಟೈಮ್ ಅನ್ನು `delayMicroseconds()` ಹಾಕಿ ಮಾಡಬೇಡಿ. ಟೈಮರ್ ಹಾರ್ಡ್‌ವೇರ್‌ಗೇ ಬಿಡಿ. ಆರ್ಡುಯಿನೋ ಊನೋದಲ್ಲಿ 9ನೇ ಪಿನ್ ಮೇಲಿನ ಗೇಟ್‌ನ ಡ್ರೈವರ್‌ಗೆ, 10ನೇ ಪಿನ್ ಕೆಳಗಿನದಕ್ಕೆ ಕೊಟ್ಟು ಹೀಗೆ ಬರೆಯಿರಿ:

```
TCCR1A = _BV(COM1A1) | _BV(COM1B1) | _BV(WGM11);
TCCR1B = _BV(WGM13) | _BV(CS10);
ICR1  = 400;
OCR1A = 216;
OCR1B = 200;
pinMode(9, OUTPUT);
pinMode(10, OUTPUT);
```

ಇದು 20 ಕಿಲೋಹರ್ಟ್ಸ್. ಟೈಮರ್ ಏರಿ ಇಳಿಯುತ್ತದೆ. ಪಿನ್ 9 ಹೈ ಇರುವ ಅವಧಿಯ ಒಳಗೇ ಪಿನ್ 10 ಹೈ ಆಗಿ ಮುಗಿಯುತ್ತದೆ. ಅಂದರೆ ಮೇಲಿನದು ಆಫ್ ಇರುವಾಗ ಮಾತ್ರ ಕೆಳಗಿನದು ಆನ್. ಎರಡು ಸಂಖ್ಯೆಗಳ ನಡುವಿನ 16 ಎಣಿಕೆಯೇ ಎರಡೂ ಅಂಚಿನಲ್ಲಿ 1 ಮೈಕ್ರೋಸೆಕೆಂಡ್ ಡೆಡ್ ಟೈಮ್. ರೀಸೆಟ್ ಆದಾಗ ಪಿನ್‌ಗಳು ತೇಲುತ್ತವೆ, ಆದ್ದರಿಂದ ಡ್ರೈವರ್‌ನ ಎರಡೂ ಇನ್‌ಪುಟ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್ ಹಾಕಿ. ಆಗ ಮೇಲಿನದು ಮಾತ್ರ ಆನ್ ಇರುತ್ತದೆ, ಶಾರ್ಟ್ ಆಗುವುದಿಲ್ಲ.

ವೇಗ ಬದಲಿಸುವಾಗ ಇನ್ನೊಂದು ಎಚ್ಚರ ಬೇಕು. ಹೊಸ ಸಂಖ್ಯೆಗಳನ್ನು ಟೈಮರ್ ತನ್ನ ತುದಿ ಮುಟ್ಟಿದಾಗ ಮಾತ್ರ ತೆಗೆದುಕೊಳ್ಳುತ್ತದೆ. ನೀವು ಎರಡನ್ನೂ ಬರೆಯುವ ನಡುವೆಯೇ ಆ ತುದಿ ಬಂದರೆ ಒಂದು ಸುತ್ತು ಹಳೆಯದು ಮತ್ತು ಹೊಸದು ಬೆರೆತು ಓಡುತ್ತದೆ, ಡೆಡ್ ಟೈಮ್ ಮಾಯವಾಗಬಹುದು. ಸಂಖ್ಯೆ ಏರಿಸುವಾಗ ಮೊದಲು `OCR1A` ಬರೆಯಿರಿ, ಇಳಿಸುವಾಗ ಮೊದಲು `OCR1B`. ಆಗ ಬೆರೆತ ಸುತ್ತಿನಲ್ಲಿ ಅಂತರ 16ಕ್ಕಿಂತ ಹೆಚ್ಚಾಗುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ.