ಸ್ಪಿನ್ ಒತ್ತಿದ ಮೇಲೆ

ಕೇಳುಗರೇ, ನಮಸ್ಕಾರ.

ಆನ್‌ಲೈನ್ ಸ್ಲಾಟ್ ಆಟದಲ್ಲಿ ಸ್ಪಿನ್ ಒತ್ತಿದರೆ ಚಕ್ರಗಳು ಗಿರಗಿರ ತಿರುಗಿ ಒಂದೊಂದಾಗಿ ನಿಲ್ಲುತ್ತವೆ. ಆಡುವವರ ಎದೆ ಡವಡವ ಅನ್ನುತ್ತದೆ. ಆದರೆ ಅಷ್ಟು ಹೊತ್ತಿಗೆ ಫಲಿತಾಂಶ ಆಗಿಹೋಗಿರುತ್ತದೆ. ಸರ್ವರಿನಲ್ಲಿರುವ ರ‍್ಯಾಂಡಮ್ ನಂಬರ್ ಜನರೇಟರ್, ಅಂದರೆ ಆರ್‌ಎನ್‌ಜಿ, ಪ್ರತಿ ಚಕ್ರಕ್ಕೂ ಒಂದು ಸಂಖ್ಯೆ ಕೊಟ್ಟಾಗಿದೆ. ನಾವು ನೋಡುತ್ತಿರುವುದು ಬರೀ ಅದರ ಚಿತ್ರ.

ಈ ಸಂಖ್ಯೆಯನ್ನು ಚಕ್ರದ ಜಾಗಕ್ಕೆ ಹೊಂದಿಸುವ ಕಡೆ ಒಂದು ಸಣ್ಣ ಎಡವಟ್ಟು ಆಗಬಹುದು. ಆರ್‌ಎನ್‌ಜಿ 0ಯಿಂದ 255ರವರೆಗೆ, ಒಟ್ಟು 256 ಸಂಖ್ಯೆಗಳಲ್ಲಿ ಒಂದನ್ನು ಕೊಡುತ್ತದೆ ಅಂದುಕೊಳ್ಳಿ. ಚಕ್ರದಲ್ಲಿ 22 ಜಾಗ. ಬಂದ ಸಂಖ್ಯೆಯನ್ನು 22ರಿಂದ ಭಾಗಿಸಿ, ಉಳಿದ ಶೇಷವೇ ಜಾಗದ ನಂಬರ್ ಅಂತ ಬರೆದರೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ 256 ಸಂಖ್ಯೆಗಳನ್ನು 22 ಜಾಗಕ್ಕೆ ಸಮನಾಗಿ ಹಂಚಲು ಬರುವುದಿಲ್ಲ. ಮೊದಲ 14 ಜಾಗಕ್ಕೆ 12 ಸಂಖ್ಯೆ ಸಿಗುತ್ತವೆ, ಉಳಿದ 8ಕ್ಕೆ 11 ಮಾತ್ರ. ದೊಡ್ಡ ಬಹುಮಾನದ ಚಿಹ್ನೆ ಆ ಎಂಟರಲ್ಲಿ ಕೂತಿದ್ದರೆ, ಯಾರೂ ಮೋಸ ಮಾಡದೆಯೂ ಅದು ಕಡಿಮೆ ಬೀಳುತ್ತದೆ. ಪರಿಹಾರ ಸುಲಭ: 242 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಬಿಸಾಕಿ, ಇನ್ನೊಂದು ಎತ್ತುವುದು. ಆಟಗಳಲ್ಲಿ ಬಳಸುವ ಸಂಖ್ಯೆಗಳು ತುಂಬಾ ದೊಡ್ಡವು, ಹಾಗಾಗಿ ಈ ವ್ಯತ್ಯಾಸ ಅತ್ಯಲ್ಪ. ಆದರೂ ಪರೀಕ್ಷಕರು ಇದನ್ನು ಕೆದಕಿ ನೋಡುತ್ತಾರೆ.

ಈ ಪರೀಕ್ಷೆಗೇ ಅಂತ ಜಿಎಲ್‌ಐ, ಇಕೋಗ್ರಾದಂತಹ ಪ್ರಯೋಗಾಲಯಗಳಿವೆ. ಅವರು ಆರ್‌ಎನ್‌ಜಿಯ ಮೂಲ ಕೋಡ್ ಓದುತ್ತಾರೆ. ಲಕ್ಷಾಂತರ ಸಂಖ್ಯೆಗಳನ್ನು ಹೊರಗೆ ತೆಗೆದು, ಯಾವುದಾದರೂ ಜಾಸ್ತಿ ಬರುತ್ತಿದೆಯೇ, ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸಬಹುದೇ ಅಂತ ಅಂಕಿಅಂಶದ ಪರೀಕ್ಷೆಗೆ ಹಾಕುತ್ತಾರೆ. ಯಾವ ಚಿಹ್ನೆ ಎಷ್ಟು ಸಲ ಬೀಳಬೇಕು, ಎಷ್ಟು ಹಣ ಕೊಡಬೇಕು ಅನ್ನುವ ಆಟದ ಲೆಕ್ಕದ ಹಾಳೆಯನ್ನೂ ತಾಳೆ ನೋಡುತ್ತಾರೆ. ಕೊನೆಗೆ, ತಾವು ನೋಡಿದ ಫೈಲಿಗೆ ಬೆರಳಚ್ಚಿನಂಥ ಒಂದು ಗುರುತು ಬರೆದಿಡುತ್ತಾರೆ. ಕೋಡಿನಲ್ಲಿ ಒಂದಕ್ಷರ ಬದಲಾದರೂ ಆ ಗುರುತು ಹೊಂದುವುದಿಲ್ಲ.

ಇಷ್ಟಾದರೂ ಪ್ರಯೋಗಾಲಯ ಕೊಡುವ ಪ್ರಮಾಣಪತ್ರ ಹೇಳುವುದು, ಆಟ ತಾನು ಹೇಳಿಕೊಂಡ ಲೆಕ್ಕದಂತೆಯೇ ನಡೆಯುತ್ತದೆ ಅಂತ ಅಷ್ಟೇ. ಆ ಲೆಕ್ಕದಲ್ಲೇ ಕಂಪನಿಯ ಪಾಲು ಸೇರಿದೆ. ಆಟ 96% ಹಿಂತಿರುಗಿಸುತ್ತದೆ ಅಂದರೆ ಹೂಡಿದ ಪ್ರತಿ ನೂರರಲ್ಲಿ ಸರಾಸರಿ ನಾಲ್ಕು ಕಂಪನಿಗೆ. ಅದೂ ಕೋಟಿಗಟ್ಟಲೆ ಸ್ಪಿನ್‌ಗಳ ಸರಾಸರಿ; ಒಂದು ಸಂಜೆಯ ಆಟದಲ್ಲಿ ಏನು ಬೇಕಾದರೂ ಆಗಬಹುದು. ಐವತ್ತು ಸಲ ಸೋತೆ, ಇನ್ನು ಗೆಲ್ಲಲೇಬೇಕು ಅನ್ನುವ ಮಾತಿಗೂ ಬುಡವಿಲ್ಲ. ಆರ್‌ಎನ್‌ಜಿಗೆ ನಿಮ್ಮ ಸೋಲಿನ ಲೆಕ್ಕ ಗೊತ್ತೇ ಇರುವುದಿಲ್ಲ.

ಗೆದ್ದ ಹಣ ಕೈಗೆ ಬರುತ್ತದೋ ಇಲ್ಲವೋ ಎಂಬುದು ಆರ್‌ಎನ್‌ಜಿ ಪ್ರಮಾಣಪತ್ರದ ವಿಷಯವೇ ಅಲ್ಲ. ಇನ್ನು ಆಟದ ಸೈಟಿನ ಕೆಳಗೆ ಕಾಣುವ ಪ್ರಯೋಗಾಲಯದ ಮುದ್ರೆ ಸುಮ್ನೆ ಅಂಟಿಸಿದ ಚಿತ್ರವೂ ಆಗಿರಬಹುದು. ಪ್ರಯೋಗಾಲಯದ ಸ್ವಂತ ಸೈಟಿಗೆ ಹೋಗಿ, ಆ ಕಂಪನಿಯ ಹೆಸರು ಅಲ್ಲಿ ಇದೆಯೇ ಅಂತ ನೋಡಬೇಕು. ಪತ್ರ ಸಿಕ್ಕರೆ ಆಟದ ಹೆಸರು, ಆವೃತ್ತಿ, ತಾರೀಕು ಮೂರನ್ನೂ ಓದಿ. ಹಳೆಯ ಆವೃತ್ತಿಗೆ ಕೊಟ್ಟ ಪತ್ರ ಹೊಸದಕ್ಕೆ ಅನ್ವಯಿಸುವುದಿಲ್ಲ.