ಇನ್ಸುಲಿನ್ ಶುರುವಾದ ಮೇಲೆ ತೂಕ ಏರುತ್ತಿದೆಯಾ? ಮೊದಲು ಡೋಸ್ ಕಡೆ ನೋಡಿ

[ಪರದೆಯಲ್ಲಿ: ತೂಕದ ಯಂತ್ರದ ಮೇಲೆ ನಿಂತ ಎರಡು ಪಾದ]

ನಮಸ್ಕಾರ. ಇನ್ಸುಲಿನ್ ಶುರು ಮಾಡಿ ಕೆಲವು ತಿಂಗಳಾಗಿದೆ. ಶುಗರ್ ಇಳಿದಿದೆ, ಆದರೆ ತೂಕ ಏರಿದೆ. "ನಾನು ಮೊದಲಿನಷ್ಟೇ ತಿನ್ನುತ್ತಿದ್ದೇನೆ, ಮತ್ತೆ ಯಾಕೆ ಹೀಗೆ?" ಅಂತ ತುಂಬಾ ಜನ ಕೇಳುತ್ತಾರೆ. ಮನೆಯವರು ನಂಬುವುದಿಲ್ಲ. ಕದ್ದು ತಿನ್ನುತ್ತಿರಬೇಕು ಅಂದುಕೊಳ್ಳುತ್ತಾರೆ. ಆದರೆ ಆ ಮಾತು ನಿಜವೇ ಇರಬಹುದು. ಊಟ ಅಷ್ಟೇ ಇದ್ದರೂ ತೂಕ ಏರಬಹುದು.

ಕಾರಣ ಮೂತ್ರದಲ್ಲಿದೆ. ರಕ್ತದಲ್ಲಿ ಶುಗರ್ ಸುಮಾರು 180 ದಾಟಿದರೆ ಕಿಡ್ನಿ ಅದನ್ನು ಪೂರ್ತಿ ಹಿಡಿದಿಟ್ಟುಕೊಳ್ಳಲಾರದು. ಮಿಕ್ಕಿದ್ದು ಮೂತ್ರದಲ್ಲಿ ಹೋಗುತ್ತದೆ. ಒಬ್ಬರಿಗೆ ದಿನಕ್ಕೆ 60 ಗ್ರಾಂ ಗ್ಲುಕೋಸ್ ಹೀಗೆ ಹೋಗುತ್ತಿತ್ತು ಅಂದುಕೊಳ್ಳಿ. ಒಂದು ಗ್ರಾಂಗೆ 4 ಕ್ಯಾಲೊರಿ, ಅಂದರೆ ದಿನಕ್ಕೆ 240 ಕ್ಯಾಲೊರಿ ಹೊರಗೆ ಹೋದಂತಾಯಿತು. ಇನ್ಸುಲಿನ್ ಶುರುವಾದಾಗ ಈ ಸೋರಿಕೆ ನಿಲ್ಲುತ್ತದೆ. ತಿಂದದ್ದೆಲ್ಲ ಮೈಗೆ ಹತ್ತುತ್ತದೆ. ಜೊತೆಗೆ, ಇನ್ಸುಲಿನ್ ಇರುವಾಗ ಕೊಬ್ಬು ಕರಗುವುದು ನಿಧಾನವಾಗುತ್ತದೆ.

ಹಾಗಾಗಿ ಏರಿದ ತೂಕದಲ್ಲಿ ಒಂದು ಪಾಲು, ಶುಗರ್ ಹದ ತಪ್ಪಿದ್ದಾಗ ಕಳೆದುಕೊಂಡದ್ದೇ ವಾಪಸ್ ಬಂದಿರುವುದು. ಆ ಪಾಲಿಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಬ್ರಿಟನ್ನಿನಲ್ಲಿ ನಡೆದ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನದ ವರದಿ 1998ರಲ್ಲಿ ಬಂತು. ಅದರಲ್ಲಿ ಹತ್ತು ವರ್ಷ ಕಳೆದಾಗ, ಇನ್ಸುಲಿನ್ ತೆಗೆದುಕೊಂಡವರ ತೂಕ ಮುಖ್ಯವಾಗಿ ಊಟದ ಪಥ್ಯದಲ್ಲಿದ್ದವರಿಗಿಂತ ಸರಾಸರಿ 4 ಕಿಲೋ ಜಾಸ್ತಿ ಏರಿತ್ತು.

ನಾನು ಇವತ್ತು ಹೇಳಬೇಕೆಂದಿರುವುದು ತಡೆಯಬಹುದಾದ ಪಾಲಿನ ಬಗ್ಗೆ. ಅದು ಹೆಚ್ಚಾಗಿ ತಟ್ಟೆಯಲ್ಲಿ ಶುರುವಾಗುವುದಿಲ್ಲ, ಸಿರಿಂಜ್‌ನಲ್ಲಿ ಶುರುವಾಗುತ್ತದೆ.

[ಪರದೆಯಲ್ಲಿ: ಶುಗರ್ ಬರೆದಿಟ್ಟ ಡೈರಿಯ ಒಂದು ಪುಟ]

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಟೈಪ್ 2 ಡಯಾಬಿಟಿಸ್ ಇರುವ ಒಬ್ಬರು, ತೂಕ 80 ಕಿಲೋ. ರಾತ್ರಿ ಮಲಗುವಾಗ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್, 10 ಯೂನಿಟ್‌ನಿಂದ ಶುರುವಾಯಿತು. ಬೆಳಗಿನ ಶುಗರ್ ಇಳಿಯುವವರೆಗೆ ಸ್ವಲ್ಪ ಸ್ವಲ್ಪ ಏರಿಸಿಕೊಳ್ಳಿ ಅಂತ ವೈದ್ಯರು ಹೇಳಿದ್ದರು. ಅವರು ಏರಿಸುತ್ತ ಏರಿಸುತ್ತ 46ಕ್ಕೆ ಬಂದರು. ಈಗ ಬೆಳಗ್ಗೆ 118. ಚೆನ್ನಾಗಿದೆ ಅನಿಸುತ್ತದೆ, ಅಲ್ವಾ?

ಡೈರಿಯ ಇನ್ನೊಂದು ಕಾಲಂ ನೋಡಿ. ಮಲಗುವಾಗ 210 ಇದೆ. ರಾತ್ರಿಯೊಳಗೆ 92 ಅಂಕ ಇಳಿದಿದೆ. 50ಕ್ಕಿಂತ ಜಾಸ್ತಿ ಇಳಿದರೆ, ರಾತ್ರಿಯ ಇನ್ಸುಲಿನ್ ತನ್ನದಲ್ಲದ ಕೆಲಸವನ್ನೂ ಮಾಡುತ್ತಿರಬಹುದು. ರಾತ್ರಿ ಊಟದ ನಂತರ ಏರಿದ ಶುಗರನ್ನು ಅದು ಬೆಳಗಿನವರೆಗೆ ಎಳೆದು ಇಳಿಸುತ್ತಿದೆ. ಇನ್ನೊಂದು ಗುರುತು: ಡೋಸ್ ತೂಕದ ಪ್ರತಿ ಕಿಲೋಗೆ ಅರ್ಧ ಯೂನಿಟ್ ದಾಟುವುದು. ಇವರಿಗೆ ಆ ಲೆಕ್ಕ 40, ಇವರು 46ರಲ್ಲಿದ್ದಾರೆ. ಇದು ದಾಟಬಾರದ ಗೆರೆ ಅಲ್ಲ. ದಾಟಿದಾಗ ಇನ್ನೂ ಏರಿಸುವ ಮೊದಲು ನಿಂತು ಯೋಚಿಸಬೇಕು, ಅಷ್ಟೇ.

ನಡುರಾತ್ರಿ ಮೂರು ಗಂಟೆಗೆ ಅವರಿಗೆ ಬೆವರು, ನಡುಕ, ತಡೆಯಲಾರದ ಹಸಿವು. ಮೀಟರ್‌ನಲ್ಲಿ 64. ಎದ್ದು ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತಾರೆ. ಯಾರೇ ಆದರೂ ಹಾಗೇ ಮಾಡುತ್ತಾರೆ, ಮಿದುಳು ಗ್ಲುಕೋಸ್ ಬೇಕು ಅಂತ ಕೂಗುತ್ತಿರುತ್ತದೆ. ಆದರೆ ಅಷ್ಟರಲ್ಲಿ 400 ಕ್ಯಾಲೊರಿ ಒಳಗೆ ಹೋಗಿರುತ್ತದೆ. ಎರಡು ಮೂರು ಸಲ ಹೀಗಾದ ಮೇಲೆ ಭಯದಿಂದ ಮಲಗುವ ಮುಂಚೆಯೇ ಏನಾದರೂ ತಿನ್ನಲು ಶುರು ಮಾಡುತ್ತಾರೆ. ಆಗ ಬೆಳಗಿನ ಶುಗರ್ ಏರುತ್ತದೆ, ಡೋಸ್ ಮತ್ತೆ ಏರುತ್ತದೆ. ಇನ್ಸುಲಿನ್‌ಗೋಸ್ಕರ ತಿನ್ನುವುದು, ತಿಂದದ್ದಕ್ಕೋಸ್ಕರ ಇನ್ಸುಲಿನ್. ಈ ಸುತ್ತಿನಲ್ಲಿ ಸಿಕ್ಕಿಕೊಂಡವರಿಗೆ "ಊಟ ಕಡಿಮೆ ಮಾಡಿ" ಅನ್ನುವ ಸಲಹೆ ಅಪಾಯ ಕೂಡ, ಯಾಕೆಂದರೆ ಲೋ ಶುಗರ್ ಇನ್ನೂ ಜಾಸ್ತಿಯಾಗುತ್ತದೆ.

ಇಲ್ಲಿ ಸರಿಪಡಿಸಬೇಕಾದದ್ದು ಡೋಸ್. ಇಂಥ ಡೈರಿ ನೋಡಿದ ವೈದ್ಯರು ಸಾಮಾನ್ಯವಾಗಿ ರಾತ್ರಿಯ ಡೋಸ್ 10ರಿಂದ 20 ಪರ್ಸೆಂಟ್ ಇಳಿಸುತ್ತಾರೆ. ಇವರಿಗಾದರೆ 46 ಹೋಗಿ 38 ಅಥವಾ 40 ಆಗಬಹುದು. ರಾತ್ರಿ ಊಟದ ನಂತರದ ಏರಿಕೆಗೆ ಬೇರೆ ದಾರಿ ನೋಡುತ್ತಾರೆ. ಆ ಒಂದು ಊಟಕ್ಕೆ ಮಾತ್ರ ಸ್ವಲ್ಪ ವೇಗದ ಇನ್ಸುಲಿನ್, ಅಥವಾ ಜಿಎಲ್‌ಪಿ-1 ಗುಂಪಿನ ಇಂಜೆಕ್ಷನ್. ಎರಡನೆಯದು ಹಸಿವನ್ನೂ ತಗ್ಗಿಸುತ್ತದೆ, ಆದರೆ ಎಲ್ಲರಿಗೂ ಹೊಂದುವುದಿಲ್ಲ. ಮಾತ್ರೆಗಳನ್ನೂ ಒಮ್ಮೆ ನೋಡಬೇಕು. ಇನ್ಸುಲಿನ್ ಬಂತು ಅಂತ ಮೆಟ್‌ಫಾರ್ಮಿನ್ ಸುಮ್ನೆ ನಿಲ್ಲಿಸಿದವರಿದ್ದಾರೆ. ಕಿಡ್ನಿ ಚೆನ್ನಾಗಿದ್ದು ಬೇರೆ ತೊಂದರೆ ಇಲ್ಲದಿದ್ದರೆ ಅದು ಮುಂದುವರಿದಷ್ಟು ಇನ್ಸುಲಿನ್ ಕಡಿಮೆ ಸಾಕು, ತೂಕವೂ ಕಡಿಮೆ ಏರುತ್ತದೆ. ಗ್ಲಿಮೆಪಿರೈಡ್ ಥರದ ಮಾತ್ರೆ ಇನ್ಸುಲಿನ್ ಜೊತೆ ಸೇರಿದರೆ ಲೋ ಶುಗರ್ ಜಾಸ್ತಿಯಾಗುತ್ತದೆ, ಅದನ್ನೂ ಕೇಳಿ. ಈ ಬದಲಾವಣೆ ಯಾವುದನ್ನೂ ನೀವೇ ಮಾಡಿಕೊಳ್ಳಬೇಡಿ. ತೂಕ ಇಳಿಯಲಿ ಅಂತ ಇನ್ಸುಲಿನ್ ತಪ್ಪಿಸುವುದಂತೂ ಬೇಡವೇ ಬೇಡ. ಟೈಪ್ 1 ಇರುವವರಿಗೆ ಅದರಿಂದ ರಕ್ತದಲ್ಲಿ ಕೀಟೋನ್ ಆಮ್ಲ ಏರಿ ಜೀವಕ್ಕೇ ಅಪಾಯವಾಗುತ್ತದೆ.

[ಪರದೆಯಲ್ಲಿ: ಮೂರು ಟೀ ಚಮಚ ಸಕ್ಕರೆ, ಒಂದು ಲೋಟ ನೀರು]

ಶುಗರ್ 70ಕ್ಕಿಂತ ಕೆಳಗೆ ಬಂದರೆ ಬೇಕಾಗುವುದು 15 ಗ್ರಾಂ ಗ್ಲುಕೋಸ್ ಅಥವಾ ಸಕ್ಕರೆ. ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕಲಸಿ ಕುಡಿಯಿರಿ. ಅದು 60 ಕ್ಯಾಲೊರಿ. ಹದಿನೈದು ನಿಮಿಷ ಕಾದು ಮತ್ತೆ ನೋಡಿ. ಇನ್ನೂ ಕಡಿಮೆ ಇದ್ದರೆ ಇನ್ನೊಂದು ಸಲ. ಕಷ್ಟ ಇರುವುದು ಆ ಹದಿನೈದು ನಿಮಿಷದಲ್ಲೇ. ಅಳತೆ ಮಾಡಿದ ಪೊಟ್ಟಣ ಹಾಸಿಗೆ ಪಕ್ಕದಲ್ಲೇ ಇದ್ದರೆ ಅಡುಗೆಮನೆಗೆ ಹೋಗುವುದು ತಪ್ಪುತ್ತದೆ. ಚಾಕೊಲೇಟ್ ಬೇಡ, ಅದರಲ್ಲಿರುವ ಕೊಬ್ಬು ಸಕ್ಕರೆ ಏರುವುದನ್ನು ನಿಧಾನ ಮಾಡುತ್ತದೆ.

ಡೋಸ್ ಹದಕ್ಕೆ ಬಂದ ಮೇಲೆ ಊಟದ ಮಾತು. ನಿಂತುಹೋದ ಸೋರಿಕೆ ದಿನಕ್ಕೆ 240 ಕ್ಯಾಲೊರಿ ಆಗಿದ್ದರೆ, ತೆಗೆಯಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಒಂದು ಸಿಹಿ ಪಾನೀಯ, ಹಸಿವಿಲ್ಲದೆ ತಿನ್ನುವ ಒಂದು ತಿಂಡಿ, ಒಂದೆರಡು ಚಮಚ ಎಣ್ಣೆ, ಇಷ್ಟರಲ್ಲೇ ಲೆಕ್ಕ ಹೊಂದುತ್ತದೆ. ಊಟ ಬಿಡುವುದು ಬೇಡ. ಪ್ರತಿ ಊಟದಲ್ಲಿ ಪಿಷ್ಟದ ಪದಾರ್ಥ ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಲಿ. ಇಲ್ಲದಿದ್ದರೆ ಡೋಸ್ ಸರಿಯೋ ತಪ್ಪೋ ಅಂತ ವೈದ್ಯರಿಗೂ ಗೊತ್ತಾಗುವುದಿಲ್ಲ.

ಇನ್ನು ನಡಿಗೆ. ನಮ್ಮ ಉದಾಹರಣೆಯವರಿಗೆ ಏರಿಕೆ ಇರುವುದು ರಾತ್ರಿ ಊಟದ ನಂತರ. ಹಾಗಾಗಿ ಬೆಳಗಿನ ವಾಕಿಂಗ್‌ಗಿಂತ ಊಟವಾದ ಮೇಲಿನ ಹದಿನೈದು ಇಪ್ಪತ್ತು ನಿಮಿಷದ ನಡಿಗೆ ಅವರ ಶುಗರ್‌ಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಕೆಲಸ ಮಾಡುವ ಸ್ನಾಯು ರಕ್ತದಿಂದ ಗ್ಲುಕೋಸ್ ಎಳೆದುಕೊಳ್ಳುತ್ತದೆ. ಆದರೆ ಇದರ ಪರಿಣಾಮ ಕೆಲವು ಗಂಟೆಗಳ ನಂತರವೂ ಇರುತ್ತದೆ, ರಾತ್ರಿ ಲೋ ಆಗಬಹುದು. ಹೊಸದಾಗಿ ಶುರು ಮಾಡಿದ ದಿನಗಳಲ್ಲಿ ಮಲಗುವ ಮುಂಚೆ ಶುಗರ್ ನೋಡಿಕೊಳ್ಳಿ. ಪ್ರತಿ ಸಲ ನಡೆಯಲಿಕ್ಕಾಗಿಯೇ ಏನಾದರೂ ತಿನ್ನಬೇಕಾಗುತ್ತಿದ್ದರೆ, ಅದನ್ನೂ ಡೈರಿಯಲ್ಲಿ ಬರೆಯಿರಿ. ಮತ್ತೆ ಡೋಸ್ ಇಳಿಸುವ ಸಮಯ ಬಂದಿದೆ ಅಂತ ವೈದ್ಯರಿಗೆ ಅದರಿಂದಲೇ ಗೊತ್ತಾಗುವುದು.

ತೂಕ ವಾರಕ್ಕೊಮ್ಮೆ ನೋಡಿದರೆ ಸಾಕು, ಬೆಳಗ್ಗೆ ಏನೂ ತಿನ್ನುವ ಮುಂಚೆ. ಇನ್ಸುಲಿನ್ ಶುರುವಿನಲ್ಲಿ ಮೈಯಲ್ಲಿ ಸ್ವಲ್ಪ ನೀರು ನಿಲ್ಲುವುದುಂಟು. ಆದರೆ ಕೆಲವೇ ದಿನಗಳಲ್ಲಿ ಎರಡು ಕಿಲೋ ಏರಿ, ಪಾದ ಊದಿ, ಮಲಗಿದರೆ ಉಸಿರಾಡಲು ಕಷ್ಟವಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಅದು ಕೊಬ್ಬಲ್ಲ. ಹೃದಯ ಅಥವಾ ಕಿಡ್ನಿಯ ತೊಂದರೆ ಇರಬಹುದು, ಅವತ್ತೇ ಹೋಗಿ ತೋರಿಸಿ.